ಮೂರು ರೂಪಾಯಿ ಹೆಚ್ಚು ಯಾಕೆ?

ಸಿಂಧಘಟ್ಟದಿಂದ ಚಿಕ್ಕಪ್ಪನ ಮಗನ ಫೋನು. "ಅಣ್ಣಾ, ಈ ಗೋಲ್ಡ್ ಇಟಿಎಫ್ ಯೂನಿಟ್‌ನಲ್ಲಿರೋದು ನೂರು ರೂಪಾಯಿ ಚಿನ್ನ. ಆಪ್‌ನಲ್ಲಿ ನೂರಾಮೂರು ತೋರುಸ್ತಾ ಅದೆ. ತಗಳ್ಳಾ?"

"ಸ್ವಲ್ಪ ತಡಿಯೋ" ಅಂದೆ.

ಷೇರುಪೇಟೆಯಲ್ಲಿ ನಮಗೆ ಯೂನಿಟ್ ಮಾರೋದು ಫಂಡ್ ಅಲ್ಲ, ಇನ್ಯಾರೋ. ಕೊಳ್ಳೋರು ಮುಗಿಬಿದ್ದರೆ ಬೆಲೆ ಒಳಗಿನ ಚಿನ್ನಕ್ಕಿಂತ ಮೇಲೇರುತ್ತದೆ. ಅದನ್ನು ಎಳೆದು ತರೋರು ಆಥರೈಸ್ಡ್ ಪಾರ್ಟಿಸಿಪೆಂಟ್‌ಗಳು, ಅಂದರೆ ಫಂಡ್ ಜೊತೆ ಒಪ್ಪಂದವಿರುವ ದೊಡ್ಡ ವ್ಯಾಪಾರಿಗಳು.

ಸುಲಭದ ಲೆಕ್ಕಕ್ಕೆ ಗ್ರಾಂಗೆ 10,000 ರೂಪಾಯಿ, ಯೂನಿಟ್‌ಗೆ 0.01 ಗ್ರಾಂ ಅಂತಿಟ್ಟುಕೊಳ್ಳಿ. ಅವರು ಒಂದು ಕೋಟಿಯ ಒಂದು ಕಿಲೋ ಚಿನ್ನವನ್ನೋ ಅದರ ಹಣವನ್ನೋ ಫಂಡ್‌ಗೆ ಕೊಟ್ಟು, ಒಂದು ಲಕ್ಷ ಹೊಸ ಯೂನಿಟ್ ಪಡೆದು, 103ಕ್ಕೆ ಮಾರುತ್ತಾರೆ. ಖರ್ಚು ಕಳೆಯುವ ಮುಂಚೆ ಮೂರು ಲಕ್ಷ ಲಾಭ. ಹೀಗೆ ಮಾರುತ್ತಾ ಹೋದಂತೆ ಬೆಲೆ ಇಳಿಯುತ್ತದೆ. ಬೆಲೆ 97ಕ್ಕೆ ಬಿದ್ದರೆ ಉಲ್ಟಾ: ಪೇಟೆಯಲ್ಲಿ ಕೊಂಡು, ಫಂಡ್‌ಗೆ ಯೂನಿಟ್ ಒಪ್ಪಿಸಿ, ಚಿನ್ನ ಇಲ್ಲವೇ ಅದರ ಹಣ ಪಡೆಯುತ್ತಾರೆ. ಆ ಯೂನಿಟ್‌ಗಳು ರದ್ದಾಗುತ್ತವೆ.

ಅವರೇನೂ ಧರ್ಮಕ್ಕೆ ಮಾಡಲ್ಲ. ವ್ಯತ್ಯಾಸ ಖರ್ಚಿಗಿಂತ ಕಮ್ಮಿಯಿದ್ದರೆ ಸುಮ್ಮನಿರುತ್ತಾರೆ. ಲೋಹವೇ ಸಿಗದಿದ್ದರೂ ಕೈಕಟ್ಟಿದಂತೆ. 2025ರ ಅಕ್ಟೋಬರ್‌ನಲ್ಲಿ ಬೆಳ್ಳಿಗೆ ಕೊರತೆಯಾದಾಗ ಬೆಳ್ಳಿ ಇಟಿಎಫ್‌ಗಳು ಲೋಹದ ಬೆಲೆ ಮೀರಿ ಓಡಿದವು.

"ಆ ನೂರು ಎಲ್ಲಿ ನೋಡ್ದೆ?" ಅಂತ ಕೇಳಿದೆ. ನಿನ್ನೆ ಸಂಜೆಯ ಎನ್‌ಎವಿಯಂತೆ! ರಾತ್ರಿ ಚಿನ್ನವೇ ಏರಿತ್ತು. ಫಂಡ್‌ನ ವೆಬ್‌ಸೈಟಿನಲ್ಲಿ ವಹಿವಾಟಿನ ಹೊತ್ತಲ್ಲೇ ಬದಲಾಗುವ iNAV ತೆಗೆಸಿದೆ: 102.60. ನಿಜವಾದ ಹೆಚ್ಚುವರಿ ನಲವತ್ತು ಪೈಸೆ ಅಷ್ಟೆ. 102.70ಕ್ಕೆ ಲಿಮಿಟ್ ಆರ್ಡರ್ ಹಾಕು ಅಂದೆ.