ಮಾರ್ಕೆಟ್ಟಿನ ವಾಸನೆಗೆಲ್ಲಾ ಒಂದೇ ಹೆಸರು ಇಟ್ರೆ ಹೇಗೆ?

ಯಾರ ಮನೆ ಮಕ್ಕಳ ಪ್ರಬಂಧದ ಪುಸ್ತಕ ತೆಗೆದು ನೋಡಿದ್ರೂ "ಕಿಕ್ಕಿರಿದ ಮಾರುಕಟ್ಟೆ" ಅನ್ನೋ ವಿಷಯ ಒಂದು ಇದ್ದೇ ಇರತ್ತೆ. ಕನ್ನಡದಲ್ಲಿ ಬರೆದಿದ್ರೆ "ಹೂವಿನ ಸುವಾಸನೆ, ಕಸದ ದುರ್ವಾಸನೆ" ಅಂತ ಎರಡು ಪದದಲ್ಲಿ ಇಡೀ ಮಾರ್ಕೆಟ್ಟು ಮುಗಿದು ಹೋಗತ್ತೆ. ಇಂಗ್ಲಿಷಲ್ಲಿ ಬರೆದಿದ್ರೆ ಬೋರ್ಡ್ ಮೇಲೆ ಬರೆಸಿದ ಪಟ್ಟಿಯಿಂದ ಅರೋಮಾ, ಫ್ರೇಗ್ರೆನ್ಸ್, ಸ್ಟೆಂಚ್, ವಿಫ್ ಅನ್ನೋ ನಾಲ್ಕೂ ಪದಗಳನ್ನ ಒಗ್ಗರಣೆಗೆ ಸಾಸಿವೆ ಉದುರಿಸಿದ ಹಾಗೆ ಉದುರಿಸಿರ್ತಾರೆ. ನನಗೆ ಇದು ಸರಿ ಕಾಣಲ್ಲ. ವಾಸನೆ ಪದ ಅನ್ನೋದು ಅಲಂಕಾರಕ್ಕೆ ಇರೋದಲ್ಲ. ಎದುರಿಗಿರೋ ವಸ್ತು ಯಾವುದು, ಅದು ತಾಜಾನೋ ಹಳೇದೋ, ಅದನ್ನ ಕೊಳ್ಳಬಹುದೋ ಬೇಡವೋ, ಇಷ್ಟನ್ನೂ ಆ ಒಂದು ಪದ ಹೇಳಬೇಕು.

ಪಕ್ಕದ ಮನೆ ಎಂಟನೇ ಕ್ಲಾಸಿನ ಹುಡುಗಿ ಮೊನ್ನೆ ತೋರಿಸಿದ ಪ್ರಬಂಧವನ್ನೇ ತಗೊಳ್ಳಿ. ಮೈಸೂರಿನ ದೇವರಾಜ ಮಾರುಕಟ್ಟೆ ಬಗ್ಗೆ ಬರೆದಿದ್ದಳು. ಅದರಲ್ಲಿ ಮಲ್ಲಿಗೆ ಕನಕಾಂಬರಗಳ ಅರೋಮಾ, ಕಾಫಿಪುಡಿಯ ಫ್ರೇಗ್ರೆನ್ಸ್, ಮೀನಿನ ಸ್ಟೆಂಚ್, ಮತ್ತೆ "ಎಲ್ಲೆಲ್ಲೂ ತುಂಬಿದ್ದ" ಕೊಳೆತ ತರಕಾರಿಯ ವಿಫ್ ಇತ್ತು. ನಾಲ್ಕು ಪದಾನೂ ಬಂತು, ನಾಲ್ಕೂ ಬೇರೆಯವರ ಮನೇಲಿ ಹೋಗಿ ಕೂತಿವೆ.

ಮೊದಲು ಇಂಗ್ಲಿಷ್ ಪದಗಳ ಕಡೆಯಿಂದ ನೋಡೋಣ. ಅರೋಮಾ ಅನ್ನೋದು ಗ್ರೀಕ್ ಭಾಷೆಯ ಮಾತು, ಅಲ್ಲಿ ಅದಕ್ಕೆ ಮಸಾಲೆ ಪದಾರ್ಥ ಅಂತಲೇ ಅರ್ಥ ಇತ್ತು. ಹಾಗಾಗಿ ಇವತ್ತಿಗೂ ಅದು ಹೆಚ್ಚಾಗಿ ತಿನ್ನೋ ಕುಡಿಯೋ ಪದಾರ್ಥಕ್ಕೇ ಒಪ್ಪೋದು. ಕಾಫಿ, ಏಲಕ್ಕಿ, ಹುರಿದ ಧನಿಯಾ ಇಂಥದಕ್ಕೆ. ಫ್ರೇಗ್ರೆನ್ಸ್ ಅನ್ನೋದು ಹೂವಿಗೆ, ಅತ್ತರಿಗೆ, ಊದಿನಕಡ್ಡಿಗೆ. ಸ್ಟೆಂಚ್ ಅಂದ್ರೆ ಜೋರಾದ, ಬಿಡದೆ ಕಾಡೋ ಕೊಳೆತ ನಾತ. ವಿಫ್ ಅಂದ್ರೆ ಒಳ್ಳೇದೂ ಅಲ್ಲ ಕೆಟ್ಟದ್ದೂ ಅಲ್ಲ. ಗಾಳಿ ಬೀಸಿದಾಗ ಒಂದು ಕ್ಷಣ ಮೂಗಿನ ಮುಂದೆ ಸುಳಿದು ಹೋಗೋ ವಾಸನೆ ಅಷ್ಟೇ. ಸುಳಿದು ಹೋಗೋದು "ಎಲ್ಲೆಲ್ಲೂ ತುಂಬಿರೋದು" ಹೇಗಾಗತ್ತೆ ಹೇಳಿ?

ಇನ್ನು ಹೂವಿನ ಸಾಲಿಗೆ ಬನ್ನಿ. ಕನಕಾಂಬರಕ್ಕೆ ಪರಿಮಳವೇ ಇಲ್ಲ ಅನ್ನೋದು ಜಡೆಗೆ ಮುಡಿದ ಯಾವ ಹೆಣ್ಣುಮಗಳಿಗೆ ಗೊತ್ತಿಲ್ಲ? ಅದನ್ನ ತಗೊಳ್ಳೋದೇ ಬಣ್ಣಕ್ಕೆ, ಬೇಗ ಬಾಡಲ್ಲ ಅನ್ನೋದಕ್ಕೆ. ಚೆಂಡುಹೂವಿಗೆ ವಾಸನೆ ಇದೆ, ಆದರೆ ಅದನ್ನ ಪರಿಮಳ ಅನ್ನಕ್ಕಾಗಲ್ಲ, ಎಲೆ ಹೊಸಕಿದ ಹಾಗೆ ಖಾರವಾದ ಒಂಥರಾ ಘಾಟು ಅದು. ಸೇವಂತಿಗೇದು ಕಹಿ ಬೆರೆತ ಹಸಿರು ವಾಸನೆ. ಇನ್ನು ಮಲ್ಲಿಗೆ. ಅದು ಅರಳೋದು ಸಾಯಂಕಾಲದ ಮೇಲೆ, ಅರಳಿದಾಗಲೇ ಅದರ ಕಂಪು ಪೂರ್ತಿ ಬಿಚ್ಚಿಕೊಳ್ಳೋದು. ಬೆಳಿಗ್ಗೆ ಮಾರ್ಕೆಟ್ಟಿಗೆ ಬರೋದು ಬಿಗಿಯಾದ ಮೊಗ್ಗು. ಆ ರಾಶಿ ಹತ್ತಿರ ನಿಂತ್ರೆ ಕಂಪಿಗಿಂತ ನೀರು ಚಿಮುಕಿಸಿದ ಬಾಳೆಎಲೆ, ಒದ್ದೆ ಬಟ್ಟೆ, ಹಸಿ ದಂಟಿನ ವಾಸನೆಯೇ ಮುಂದಾಗಿ ಬರತ್ತೆ. ಅದೇ ಮೊಗ್ಗನ್ನ ಕಟ್ಟಿ ಮುಡಿದು ರಾತ್ರಿ ಊಟಕ್ಕೆ ಕೂರೋ ಹೊತ್ತಿಗೆ ಮನೆಯೆಲ್ಲಾ ಘಮ್ ಅನ್ನತ್ತೆ. ಹಾಗಾಗಿ ಮಗು ಬೆಳಗಿನ ಮಾರ್ಕೆಟ್ ಬರೀತಿದೆಯೋ ಸಂಜೆ ಮಾರ್ಕೆಟ್ ಬರೀತಿದೆಯೋ ಅನ್ನೋದು ಮಲ್ಲಿಗೆ ವಾಸನೆಯಲ್ಲೇ ಗೊತ್ತಾಗಬೇಕು.

ಒಂದೇ ವಸ್ತು ಎರಡು ಜಾಗದಲ್ಲಿ ಎರಡು ವಾಸನೆ ಆಗೋದೂ ಉಂಟು. ಅದಕ್ಕೆ ನಮ್ಮ ಇಂಗಿಗಿಂತ ಬೇರೆ ಸಾಕ್ಷಿ ಬೇಡ. ಗಟ್ಟಿ ಇಂಗಿನ ಡಬ್ಬಿ ಮುಚ್ಚಳ ತೆಗೆದ್ರೆ ಗೊತ್ತಿಲ್ಲದವರು ಮೂಗು ಮುಚ್ಕೋತಾರೆ. ಇಂಗ್ಲಿಷಲ್ಲಿ ಅದಕ್ಕೆ ಅಸಾಫೆಟಿಡಾ ಅಂತಾರಲ್ಲ, ಅದರ ಕೊನೇ ತುಂಡು ಲ್ಯಾಟಿನ್ನಿಂದ ಬಂದದ್ದು, ನಾರೋದು ಅಂತ ಅದರ ಅರ್ಥ. ಅದೇ ಇಂಗನ್ನ ಚಿಟಿಕೆ ತಗೊಂಡು ಬಿಸಿ ತುಪ್ಪಕ್ಕೆ ಹಾಕಿ ನೋಡಿ, ಬೀದಿ ತುದಿಯವರೆಗೂ "ಯಾರ ಮನೇಲಿ ಸಾರು?" ಅಂತ ಕೇಳೋ ಹಾಗಾಗತ್ತೆ. ಕಾಯಿಸಿದಾಗ ಆ ಗಂಧಕದ ಕಟು ಕರಗಿ ಈರುಳ್ಳಿ ಬೆಳ್ಳುಳ್ಳಿ ಬೆಂದ ರುಚಿ ಬರತ್ತೆ. ಅಂದಮೇಲೆ ಇಂಗಿನ ಅಂಗಡಿ ಮುಂದೆ ಬರೋದನ್ನ ಏನನ್ನಬೇಕು? ಅರೋಮಾನೂ ಅಲ್ಲ, ಸ್ಟೆಂಚೂ ಅಲ್ಲ. "ಇಂಗಿನ ಕಟು ವಾಸನೆ" ಅಂದ್ರೆ ಮುಗೀತು. ವಸ್ತುವಿನ ಹೆಸರನ್ನೇ ಹೇಳಿಬಿಟ್ರೆ ಎಷ್ಟೋ ಸಲ ಬೇರೆ ಪದವೇ ಬೇಕಾಗಲ್ಲ.

ನಮ್ಮ ಅಡುಗೆಮನೆ ಮಾತಿನಲ್ಲಿ ವಾಸನೆಗೆ ಎಷ್ಟು ಹೆಸರಿದೆ ಅಂತ ಒಂದ್ಸಲ ಯೋಚನೆ ಮಾಡಿ. ಕೊಬ್ಬರಿ, ಎಣ್ಣೆ ಕೆಟ್ಟರೆ ಕಮಟು. ಹಿಟ್ಟು, ಬೇಳೆ ತೇವ ಹಿಡಿದರೆ ಮುಗ್ಗಲು. ರಾತ್ರಿ ಅನ್ನ ಕೆಟ್ಟರೆ ಹಳಸಲು. ಮೆಣಸಿನಕಾಯಿ ಹುರಿದರೆ ಘಾಟು. ಚಳಿಗಾಲದ ಅವರೆಕಾಯಿಗೆ ಸೊಗಡು. ಸಾರಿನ ಪುಡಿ ಕುದಿಯದೆ ಇದ್ರೆ ಹಸಿ ವಾಸನೆ. ಇವು ಒಂದೊಂದೂ ಏನು ಮಾಡಬೇಕು ಅಂತಲೂ ಹೇಳಿಬಿಡತ್ತೆ. ಹಸಿ ವಾಸನೆ ಅಂದ್ರೆ ಇನ್ನೂ ಕುದಿಸು. ಕಮಟು ಅಂದ್ರೆ ಕೊಳ್ಳಬೇಡ. ಸೊಗಡು ಇಲ್ಲ ಅಂದ್ರೆ ಆ ಅವರೆಕಾಯಿಗೆ ಅಷ್ಟು ಬೆಲೆ ಕೊಡಬೇಡ. ಘಾಟಂತೂ ಮೂಗಿಗಿಂತ ಗಂಟಲಿಗೆ, ಕಣ್ಣಿಗೆ ತಾಗೋದು, ಅದಕ್ಕೇ ಸೀನು ಕೆಮ್ಮು ಬರೋದು. ಇಷ್ಟೆಲ್ಲಾ ನಾಲಿಗೆ ತುದೀಲಿ ಇಟ್ಕೊಂಡು, ಮಕ್ಕಳಿಗೆ ಬರೀ "ಸುವಾಸನೆ, ದುರ್ವಾಸನೆ" ಕಲಿಸೋದು ನ್ಯಾಯಾನಾ?

ಈಗ ನನಗೆ ನಿಜವಾಗಿ ಬೇಜಾರಾದ ವಿಷಯಕ್ಕೆ ಬರ್ತೀನಿ. "ಮೀನಿನ ಸ್ಟೆಂಚ್" ಅನ್ನೋ ಮಾತು. ಈ ಮಗು ಮೀನಿನ ಅಂಗಡಿ ಮುಂದೆ ಒಂದು ದಿನಾನೂ ನಿಂತಿಲ್ಲ, ಗೈಡ್ ನೋಡಿ ಬರೆದದ್ದು. ಅದನ್ನ ಕ್ಲಾಸಲ್ಲಿ ಗಟ್ಟಿಯಾಗಿ ಓದಿಸಿದ್ರಂತೆ. ಅದೇ ಕ್ಲಾಸಲ್ಲಿ ಮೀನು ಮಾರೋರ ಮನೆ ಹುಡುಗಿಯೊಬ್ಬಳಿದ್ದಾಳೆ. ಎಲ್ಲರೂ ಅವಳ ಕಡೆ ತಿರುಗಿ ಮೂಗು ಹಿಡ್ಕೊಂಡು ನಕ್ಕರಂತೆ. ಮಾರನೇ ದಿನ ಅವಳು ಬೇರೆ ಬೆಂಚಲ್ಲಿ ಒಬ್ಬಳೇ ಕೂತಳಂತೆ. ಒಂದು ಪದ ಮಾಡಿದ ಕೆಲಸ ನೋಡಿ.

ಮನಸ್ಸಿನ ಮಾತು ಒಂದು ಕಡೆ ಇರಲಿ, ಆ ಪದ ಲೆಕ್ಕಕ್ಕೂ ತಪ್ಪೇ. ಆಗಷ್ಟೇ ಹಿಡಿದ ಸಮುದ್ರದ ಮೀನಿಗೆ ನಾತ ಇರಲ್ಲ, ಉಪ್ಪುನೀರಿನ ತೆಳು ವಾಸನೆ ಇರತ್ತೆ ಅಷ್ಟೇ. ಹೊತ್ತು ಕಳೆದ ಹಾಗೆ ಸೂಕ್ಷ್ಮಜೀವಿಗಳು ಮೀನಿನ ಮೈಯಲ್ಲಿರೋ ಒಂದು ಪದಾರ್ಥವನ್ನ ಒಡೆದು ಅಮೈನ್ ಅನ್ನೋ ಜಾತಿಯ ವಸ್ತು ಮಾಡ್ತವೆ. ನಾವು ಮೀನು ವಾಸನೆ ಅನ್ನೋದು ಅದನ್ನೇ. ಅದು ಕ್ಷಾರದ ಗುಣದ್ದು, ಆದ್ದರಿಂದ ಹುಣಸೆಹುಳಿ, ನಿಂಬೆಹುಳಿ ಬಿದ್ದ ಕೂಡಲೇ ಇಳಿದು ಹೋಗತ್ತೆ. ಮೀನು ಮಾಡೋ ಮನೆಯವರೆಲ್ಲಾ ಹುಳಿ ಹಾಕೋದಕ್ಕೆ ರುಚಿ ಒಂದೇ ಕಾರಣ ಅಲ್ಲ. ಐಸ್ ಮೇಲೆ ಇಟ್ಟ, ಕಣ್ಣು ಹೊಳೀತಿರೋ, ಒತ್ತಿದ್ರೆ ಗುಳಿ ಬೀಳದ ಮೀನಿನ ಮುಂದೆ ನಿಂತು "ಸ್ಟೆಂಚ್" ಅಂದ್ರೆ, ಈ ಅಂಗಡಿಯವರು ಕೊಳೆತ ಮಾಲು ಮಾರ್ತಿದ್ದಾರೆ ಅಂತ ಹೇಳಿದ ಹಾಗಾಯ್ತು. ಅದು ವರ್ಣನೆ ಅಲ್ಲ, ಆಪಾದನೆ. ನಿಜವಾಗಿ ಕೊಳೆತಿದ್ರೆ ಧಾರಾಳವಾಗಿ ಬರೀಲಿ. ಮೀನನ್ನ ತಿನ್ನದ ಮನೆಯ ಮಗುವಿಗೆ ಆ ವಾಸನೆ ಒಗ್ಗದೆ ಇರಬಹುದು, ಆಗ "ನನಗೆ ಅಭ್ಯಾಸ ಇಲ್ಲದ ವಾಸನೆ" ಅಂತ ಬರೆದ್ರೆ ಅದು ಸತ್ಯ, ಯಾರಿಗೂ ನೋವಿಲ್ಲ.

ಇದರಲ್ಲಿ ಒಂದು ತಮಾಷೆ ಇದೆ. ಹಳೇ ಇಂಗ್ಲಿಷಲ್ಲಿ ಈ ಸ್ಟೆಂಚ್ ಪದದ ಮೂಲರೂಪ ಒಳ್ಳೆ ವಾಸನೆಗೂ ನಡೀತಿತ್ತು, ಕೆಟ್ಟದ್ದಕ್ಕೂ ನಡೀತಿತ್ತು. ಆಮೇಲಾಮೇಲೆ ಕೆಟ್ಟದ್ದಕ್ಕೇ ನಿಂತು ಹೋಯ್ತು. ನಮ್ಮ "ನಾತ"ದ ಕಥೆಯೂ ಅದೇ. ನಾರು ಅಂದ್ರೆ ಮೊದಲು ವಾಸನೆ ಬೀರು ಅಂತ ಅಷ್ಟೇ ಇತ್ತು. ಅದರ ನಂಟಿನ ತಮಿಳಿನ "ನಾಟ್ರಂ" ಅನ್ನೋ ಮಾತನ್ನ ಹಿಂದಿನ ಕಾಲದಲ್ಲಿ ಹೂವಿನ ಕಂಪಿಗೂ ಬಳಸ್ತಿದ್ರು, ಈಗ ಅಲ್ಲೂ ಅದು ಬೈಗುಳದ ಹಾಗೆ. "ವಾಸನೆ" ಪದವೂ ಅದೇ ದಾರಿ ಹಿಡಿದಿದೆ ಅಂತ ನನಗನ್ನಿಸತ್ತೆ. "ಏನೋ ವಾಸನೆ ಬರ್ತಿದೆಯಲ್ಲಾ" ಅಂದ್ರೆ ಯಾರೂ ಮಲ್ಲಿಗೆ ಹುಡುಕಲ್ಲ, ಎದ್ದು ಹೋಗಿ ಕಸದ ಬುಟ್ಟಿ ನೋಡ್ತಾರೆ. ಪದಗಳು ಹೀಗೆ ಜಾರ್ತಾ ಇರೋದ್ರಿಂದಲೇ ಅವನ್ನ ನೋಡಿ ಇಡಬೇಕಾಗಿರೋದು.

ಇನ್ನೊಂದು ಮಾತು ಮೂಗಿನ ಬಗ್ಗೆ. ಯಾವ ವಾಸನೆಯೂ ಮೂಗಿಗೆ ತುಂಬಾ ಹೊತ್ತು ನಿಲ್ಲಲ್ಲ. ಊದಿನಕಡ್ಡಿ ಅಂಗಡಿಯೊಳಗೆ ಹೋದ ಕೂಡಲೇ ಗಪ್ಪಂತ ಬಡಿಯತ್ತೆ, ಸ್ವಲ್ಪ ಹೊತ್ತಿಗೆ ಏನೂ ಗೊತ್ತಾಗಲ್ಲ. ಆ ಅಂಗಡಿಯವರಿಗಂತೂ ಇಡೀ ದಿನ ಗೊತ್ತಾಗಲ್ಲ. ಹಾಗಾಗಿ ಪ್ರಬಂಧದಲ್ಲಿ ವಾಸನೆ ಬರಬೇಕಾದ ಜಾಗ ಹೊಸ ಸಾಲಿಗೆ ಕಾಲಿಟ್ಟ ಆ ಕ್ಷಣ. ಇಡೀ ಪುಟ ತುಂಬಾ ಘಮಘಮ ಅಂದ್ರೆ ಯಾರೂ ನಂಬಲ್ಲ.

ಆ ಹುಡುಗಿ ಹತ್ತಿರ ಕೂತು, ಅವಳು ನಿಜವಾಗಿ ನೋಡಿದ್ದನ್ನ ಕೇಳಿ ಕೇಳಿ, ಅವಳ ಕೈಯಲ್ಲೇ ಬರೆಸಿದ್ದು ಹೀಗೆ ಬಂತು: "ಚಿಕ್ಕ ಗಡಿಯಾರದ ಕಡೆಯಿಂದ ಮಾರ್ಕೆಟ್ಟಿನೊಳಗೆ ಕಾಲಿಟ್ಟಾಗ ಮೊದಲು ಬಂದದ್ದು ಬಾಳೆಹಣ್ಣಿನ ಸಿಹಿ ವಾಸನೆ. ಹೂವಿನ ಸಾಲಿನಲ್ಲಿ ಮಲ್ಲಿಗೆ ಇನ್ನೂ ಮೊಗ್ಗು, ಒದ್ದೆ ಎಲೆಯ ವಾಸನೆಯೇ ಹೆಚ್ಚು. ಯಾರೋ ಚೀಲ ಬಿಚ್ಚಿದರು, ಮೆಣಸಿನಕಾಯಿ ಘಾಟಿಗೆ ಅಮ್ಮ ಎರಡು ಸಲ ಸೀನಿದರು. ಗಾಳಿ ತಿರುಗಿದಾಗ ಕಾಫಿಪುಡಿಯ ಘಮ ಸುಳಿದು ಹೋಯಿತು. ಹಿಂದಿನ ಮೂಲೆಯಲ್ಲಿ ಕೊಳೆತ ಕೋಸಿನ ಎಲೆ ಗುಡ್ಡೆ ಬಿದ್ದಿತ್ತು, ಅಲ್ಲಿ ಮಾತ್ರ ನಾತ." ಇದನ್ನೇ ಅವಳು ಇಂಗ್ಲಿಷಿಗೆ ತಿರುಗಿಸುವಾಗ ಅರೋಮಾ ತಾನಾಗೇ ಕಾಫಿ ಹತ್ತಿರ ಹೋಯ್ತು, ಸ್ಟೆಂಚ್ ಕೋಸಿನ ಗುಡ್ಡೆ ಹತ್ತಿರ ಹೋಯ್ತು, ಸುಳಿದು ಹೋದದ್ದಕ್ಕೆ ವಿಫ್ ಸಿಕ್ತು. ಫ್ರೇಗ್ರೆನ್ಸಿಗೆ ಬೆಳಿಗ್ಗೆ ಜಾಗ ಇರಲಿಲ್ಲ, ಬಿಟ್ಟಳು. ಪಟ್ಟಿಯಲ್ಲಿರೋ ಪದ ಎಲ್ಲಾ ಹಾಕಲೇಬೇಕು ಅಂತ ಏನಿಲ್ಲವಲ್ಲ.

ನಿಮ್ಮನೆ ಮಕ್ಕಳಿಗೂ ಈ ಪ್ರಬಂಧ ಬಂದ್ರೆ ಗೈಡ್ ತೆಗೆಯೋ ಮುಂಚೆ ಕೈಚೀಲ ಕೊಟ್ಟು ತರಕಾರಿಗೆ ಜೊತೇಲಿ ಕರ್ಕೊಂಡು ಹೋಗಿ. ಅವರೆಕಾಯಿ ಕೈಗೆ ಕೊಟ್ಟು ಮೂಸಿ ನೋಡು ಅನ್ನಿ. ಸೊಗಡು ಅನ್ನೋ ಪದ ಒಂದ್ಸಲ ಮೂಗಿಗೆ ಹತ್ತಿದ್ರೆ ಆಮೇಲೆ ಪರೀಕ್ಷೆಗೆ ಬಾಯಿಪಾಠ ಮಾಡೋ ಗೋಜೇ ಇರಲ್ಲ.