ಗುಳಿಗೆ ಬಿಡುವವರ ಲೆಕ್ಕಾಚಾರ

1950ರ ದಶಕದಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯ ಇಲಾಖೆಯವರನ್ನು ಒಂದು ಪ್ರಶ್ನೆ ಕಾಡಿತು. ಕ್ಷಯ ಪತ್ತೆ ಮಾಡಲು ಎಕ್ಸ್‌ರೇ ವಾಹನಗಳು ಜನರ ಬೀದಿಗೇ ಬರುತ್ತಿದ್ದವು. ಕಾಸು ಕೊಡಬೇಕಿರಲಿಲ್ಲ, ದೂರ ನಡೆಯಬೇಕಿರಲಿಲ್ಲ. ಆದರೂ ಎಷ್ಟೋ ಮಂದಿ ಹತ್ತಿರ ಸುಳಿಯುತ್ತಿರಲಿಲ್ಲ. ಗಾಡ್‌ಫ್ರೆ ಹಾಕ್‌ಬಾಮ್, ಇರ್ವಿನ್ ರೋಸೆನ್‌ಸ್ಟಾಕ್ ಮತ್ತು ಅವರ ಜೊತೆಯ ಮನಶ್ಶಾಸ್ತ್ರಜ್ಞರು ಇದಕ್ಕೆ ಉತ್ತರವನ್ನು ಜನರ ನಂಬಿಕೆಗಳಲ್ಲಿ ಹುಡುಕಿದರು. ನನಗೂ ಕ್ಷಯ ಬರಬಹುದು, ಬೇಗ ಪತ್ತೆಯಾದರೆ ಒಳ್ಳೆಯದು ಎಂದು ಎರಡನ್ನೂ ನಂಬಿದವರಲ್ಲಿ ಶೇ 82 ಮಂದಿ ಎಕ್ಸ್‌ರೇ ತೆಗೆಸಿಕೊಂಡಿದ್ದರು. ಎರಡನ್ನೂ ನಂಬದವರಲ್ಲಿ ಶೇ 21 ಮಂದಿ ಮಾತ್ರ. ಆರೋಗ್ಯ ನಂಬಿಕೆ ಮಾದರಿ ಎಂಬುದು ಹುಟ್ಟಿದ್ದು ಹೀಗೆ.

ಅದೇ ಪ್ರಶ್ನೆಯನ್ನು ಇವತ್ತು ಹೈದರಾಬಾದಿನಲ್ಲಿ ಕೇಳಬಹುದು. 2018ರಿಂದ ನಗರದ ಬಸ್ತಿಗಳಲ್ಲಿ ಬಸ್ತಿ ದವಾಖಾನೆಗಳು ತೆರೆದಿವೆ. ಬಿಪಿ, ಶುಗರ್ ಗುಳಿಗೆಗಳು ಅಲ್ಲಿ ಪುಕ್ಕಟೆ ಸಿಗುತ್ತವೆ. ರಕ್ತದೊತ್ತಡ ನಿಯಂತ್ರಣದ ರಾಷ್ಟ್ರೀಯ ಯೋಜನೆ 2017ರ ಕೊನೆಗೆ ಮೊದಲು ಆರಂಭವಾದ ಐದು ರಾಜ್ಯಗಳಲ್ಲಿ ತೆಲಂಗಾಣವೂ ಒಂದು. ಎಲ್ಲರಿಗೂ ಒಂದೇ ಸರಳ ಚಿಕಿತ್ಸಾ ಕ್ರಮ, ತಿಂಗಳಿಗೆ ಸಾಲುವಷ್ಟು ಗುಳಿಗೆ ಒಮ್ಮೆಗೇ ಕೈಗೆ ಎಂಬುದು ಅದರ ಪದ್ಧತಿ. ಇಷ್ಟಿದ್ದೂ ಮನೆಗಳ ಗೂಡುಗಳಲ್ಲಿ ಅರ್ಧ ಖಾಲಿಯಾದ ಪಟ್ಟಿಗಳು ಉಳಿದಿರುತ್ತವೆ. ಅದಕ್ಕೆ ರೋಗಿಯ ನಂಬಿಕೆ ಕಾರಣವೋ ಅಥವಾ ನಂಬಿಕೆಯ ಹೆಸರು ಹೇಳಿ ನಾವು ಬೇರೆ ಕಾರಣಗಳನ್ನು ಮರೆಮಾಡುತ್ತಿದ್ದೇವೋ ಎಂಬುದನ್ನು ಬಿಡಿಸಿ ನೋಡುವುದು ಅಗತ್ಯ.

ಉದಾಹರಣೆಗೆ ಒಬ್ಬರನ್ನು ಇಟ್ಟುಕೊಳ್ಳೋಣ. ಇವರು ಒಬ್ಬ ನಿಜವ್ಯಕ್ತಿಯಲ್ಲ, ಹಲವರಲ್ಲಿ ಕಾಣುವ ನಡವಳಿಕೆಯನ್ನು ಸೇರಿಸಿ ಮಾಡಿದ ಚಿತ್ರ. ಬೀದರ್ ಕಡೆಯವರು, ವಯಸ್ಸು ಐವತ್ತೆಂಟು, ವಾಸ ಕಾಚಿಗುಡ, ಬೇಗಂ ಬಜಾರಿನ ಕಿರಾಣಿ ಸಗಟು ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ವೈದ್ಯರು ಬರೆದುಕೊಟ್ಟದ್ದು ಮೂರು ಗುಳಿಗೆ: ಬಿಪಿಗೆ ಅಮ್ಲೋಡಿಪಿನ್ 5 ಮಿಲಿಗ್ರಾಂ, ಶುಗರ್‌ಗೆ ದಿನಕ್ಕೆರಡು ಬಾರಿ ಮೆಟ್‌ಫಾರ್ಮಿನ್ 500, ಬೆಳಗಿನ ತಿಂಡಿಗೆ ಮುಂಚೆ ಗ್ಲಿಮೆಪಿರೈಡ್ 1 ಮಿಲಿಗ್ರಾಂ. ವಾರದಲ್ಲಿ ಮೂರ್ನಾಲ್ಕು ದಿನ ಒಂದಲ್ಲ ಒಂದನ್ನು ಇವರು ಬಿಡುತ್ತಾರೆ.

ಮಾದರಿ ಇಲ್ಲಿ ಕೇಳುವ ಪ್ರಶ್ನೆಗಳು ಒಳ್ಳೆಯವು. ನನಗೆ ತೊಂದರೆ ಆಗಬಹುದು ಎಂದು ಇವರಿಗೆ ಅನಿಸುತ್ತದೆಯೇ? ಆದಲ್ಲಿ ಅದು ಎಷ್ಟು ಗಂಭೀರ ಎನ್ನುತ್ತಾರೆ? ಗುಳಿಗೆಯಿಂದ ಲಾಭ ಇದೆ ಎಂಬ ನಂಬಿಕೆ ಇದೆಯೇ? ತೆಗೆದುಕೊಳ್ಳಲು ಅಡ್ಡಿ ಏನು? ನೆನಪಿಸುವ ಸೂಚನೆ ಏನಾದರೂ ಇದೆಯೇ? 1988ರಲ್ಲಿ ರೋಸೆನ್‌ಸ್ಟಾಕ್ ಮತ್ತು ಸಂಗಡಿಗರು ಆರನೆಯದೊಂದನ್ನು ಸೇರಿಸಿದರು: ಇದನ್ನು ನಾನು ಜೀವನಪೂರ್ತಿ ನಡೆಸಬಲ್ಲೆ ಎಂಬ ಆತ್ಮವಿಶ್ವಾಸ. ಒಂದು ವಾರದ ಆ್ಯಂಟಿಬಯಾಟಿಕ್‌ಗೆ ಈ ಆರನೆಯ ಪ್ರಶ್ನೆ ಅಷ್ಟಾಗಿ ಬೇಕಾಗುವುದಿಲ್ಲ, ಶುಗರ್‌ಗೆ ಖಂಡಿತ ಬೇಕು.

ನಮ್ಮ ಲೆಕ್ಕದವರಿಗೆ ಅಪಾಯ ಗೊತ್ತಿಲ್ಲವೆಂದಲ್ಲ. ಅಣ್ಣನಿಗೆ ಲಕ್ವ ಹೊಡೆದದ್ದನ್ನು ಕಂಡಿದ್ದಾರೆ. ಆದರೆ ತಮ್ಮ ಬಿಪಿ ಏರಿದರೆ ತಮಗೆ ತಿಳಿಯುತ್ತದೆ ಎಂದು ಗಟ್ಟಿಯಾಗಿ ನಂಬಿದ್ದಾರೆ: ತಲೆ ಭಾರವಾಗುತ್ತದೆ, ಕಿವಿ ಬಿಸಿಯಾಗುತ್ತದೆ, ಆಗ ಗುಳಿಗೆ ನುಂಗಿದರಾಯಿತು. 1985ರಲ್ಲಿ ಪ್ರಕಟವಾದ ಮೇಯರ್, ಲೆವೆಂತಾಲ್, ಗುಟ್‌ಮನ್ ಅವರ ಅಧ್ಯಯನದಲ್ಲಿ ಇದೇ ಇಬ್ಬಗೆ ಕಂಡಿತ್ತು. ಬಿಪಿ ಏರಿದ್ದು ಜನರಿಗೆ ತಿಳಿಯುವುದಿಲ್ಲ ಎಂಬ ಮಾತಿಗೆ ಶೇ 80 ರೋಗಿಗಳು ಹೌದೆಂದರು. ಆದರೆ ತಮ್ಮದು ತಮಗೆ ತಿಳಿಯುತ್ತದೆ ಎಂದು ಚಿಕಿತ್ಸೆಯಲ್ಲಿದ್ದವರಲ್ಲಿ ಶೇ 88 ಮಂದಿ ಹೇಳಿದರು. ಇಷ್ಟು ಮಂದಿ ಸುಳ್ಳು ಹೇಳುತ್ತಿರಲಿಲ್ಲ. ಸಾಮಾನ್ಯ ಜ್ಞಾನ ಒಂದು ಕಡೆ, ತನ್ನ ಮೈಯ ಅನುಭವ ಇನ್ನೊಂದು ಕಡೆ.

ಅನುಭವವೂ ಅವರ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಅಮ್ಲೋಡಿಪಿನ್ ದೇಹದಲ್ಲಿ ನಿಧಾನವಾಗಿ ಕರಗುವ ಔಷಧ. ಅದರ ಅರ್ಧ ಭಾಗ ಹೊರಹೋಗಲು 30ರಿಂದ 50 ಗಂಟೆ ಬೇಕು. ಹೀಗಾಗಿ ಒಂದು ದಿನ ಬಿಟ್ಟರೆ ಏನೂ ಅನಿಸುವುದಿಲ್ಲ, ಎರಡು ದಿನ ಬಿಟ್ಟರೂ ಹೆಚ್ಚಾಗಿ ಏನೂ ಅನಿಸುವುದಿಲ್ಲ. ತೆಗೆದುಕೊಂಡಾಗಲೂ ಏನೂ ಅನಿಸುವುದಿಲ್ಲ, ಕೆಲವರಿಗೆ ಪಾದ ಊದಿಕೊಳ್ಳುವುದೊಂದನ್ನು ಬಿಟ್ಟರೆ. ಮೆಟ್‌ಫಾರ್ಮಿನ್ ಹೊಟ್ಟೆ ಕೆಡಿಸಿದರೆ ಅದು ಅಂದೇ ಗೊತ್ತಾಗುತ್ತದೆ, ಅದು ಉಳಿಸಿದ ಕಿಡ್ನಿ ಹತ್ತು ವರ್ಷದ ನಂತರವೂ ಕಣ್ಣಿಗೆ ಕಾಣುವುದಿಲ್ಲ. ಲಾಭ ಅದೃಶ್ಯ, ಅಡ್ಡಿ ಪ್ರತ್ಯಕ್ಷ. ಮಾದರಿಯ ಭಾಷೆಯಲ್ಲಿ ಗುಳಿಗೆ ಬಿಡುವುದು ಹೀಗೆ ಅರ್ಥವಾಗುವ ನಡವಳಿಕೆಯಾಗುತ್ತದೆ. ರೋಗಿ ದಡ್ಡನಲ್ಲ, ಅವನ ಕೈಗೆ ಸಿಕ್ಕ ಮಾಹಿತಿಯೇ ತಪ್ಪು ಕಡೆ ವಾಲಿದೆ. ಈ ದೃಷ್ಟಿಯನ್ನು ನಮಗೆ ಕೊಟ್ಟದ್ದಕ್ಕೇ ಈ ಮಾದರಿಗೆ ನಾನು ಋಣಿ.

ಇದಕ್ಕೆ ಇನ್ನೊಂದು ನಂಬಿಕೆ ಸೇರುತ್ತದೆ: “ಗುಳಿಗಿ ಒಮ್ಮೆ ಶುರು ಮಾಡಿದ್ರ ಸಾಯೋತನಕ ಬಿಡಂಗಿಲ್ಲ.” ಇದು ಬೀದರ್, ಕಲಬುರಗಿ ಕಡೆಯ ಮನೆಗಳಲ್ಲಿಯೂ ಹಳೇ ಹೈದರಾಬಾದಿನ ಉರ್ದು ಮನೆಗಳಲ್ಲಿಯೂ ಕೇಳುವ ಮಾತು. ರೋಗ ಉಳಿದಿರುವುದರಿಂದ ಗುಳಿಗೆ ಮುಂದುವರಿಯುತ್ತದೆ ಎಂಬುದು ತಿರುಗಿ, ಗುಳಿಗೆಯಿಂದಲೇ ರೋಗ ಕಾಯಂ ಆಗುತ್ತದೆ ಎಂಬಂತೆ ಮನಸ್ಸಿನಲ್ಲಿ ಕೂತಿದೆ. ಗುಳಿಗೆ ಬಿಟ್ಟ ಪ್ರತಿ ದಿನವೂ ಆಗ ಒಂದು ಸಣ್ಣ ಗೆಲುವು.

ಇನ್ನು ಎದುರು ಪಕ್ಷ. ಮೊದಲನೆಯದಾಗಿ, ಹಾಕ್‌ಬಾಮ್ ಅವರ ಅಂಕಿಗಳಲ್ಲೇ ಒಂದು ತೊಡಕಿದೆ. ಎಕ್ಸ್‌ರೇ ತೆಗೆಸಿಕೊಂಡ ಮೇಲೆ ಕೇಳಿದರೆ ಯಾರಾದರೂ ಅದರ ಲಾಭವನ್ನು ನಂಬಿಯೇ ನಂಬುತ್ತಾರೆ. ನಂಬಿಕೆಯಿಂದ ನಡೆಯೋ, ನಡೆಯಿಂದ ನಂಬಿಕೆಯೋ ಎಂಬುದು ಅಲ್ಲಿ ಬಿಡಿಸಿಲ್ಲ. 2010ರಲ್ಲಿ ಕ್ರಿಸ್ಟೋಫರ್ ಕಾರ್ಪೆಂಟರ್, ನಂಬಿಕೆಯನ್ನು ಮೊದಲು ಅಳೆದು ನಡೆಯನ್ನು ಆಮೇಲೆ ನೋಡಿದ ಅಧ್ಯಯನಗಳನ್ನು ಮಾತ್ರ ಒಟ್ಟುಗೂಡಿಸಿದರು. ಲಾಭ ಮತ್ತು ಅಡ್ಡಿಗಳು ಮುಂದಿನ ನಡೆಯನ್ನು ಒಂದಿಷ್ಟು ಸೂಚಿಸಿದವು. ನನಗೆ ಬರಬಹುದು ಎಂಬ ಭಾವನೆಯಿಂದ ಹೆಚ್ಚುಕಡಿಮೆ ಏನೂ ಸಿಗಲಿಲ್ಲ. ಗಂಭೀರತೆಯ ವಿಷಯದಲ್ಲಿ ಚಿತ್ರ ಅಷ್ಟು ಸಲೀಸಲ್ಲ. 1984ರ ಜಾನ್ಜ್ ಮತ್ತು ಬೆಕರ್ ಅವರ ವಿಮರ್ಶೆಯಲ್ಲಿ ಒಟ್ಟಾರೆ ಅದೇ ಎಲ್ಲಕ್ಕಿಂತ ದುರ್ಬಲ, ಆದರೆ ಈಗಾಗಲೇ ರೋಗ ತಗುಲಿದವರಲ್ಲಿ ಅದಕ್ಕೆ ತೂಕವಿತ್ತು. ಆದ್ದರಿಂದ ಹೆದರಿಸುವ ವೈದ್ಯರೆಲ್ಲ ತಪ್ಪು ಎಂದು ನಾನು ಹೇಳಲಾರೆ. ಎರಡೂ ಕಾಲದ ಲೆಕ್ಕದಲ್ಲಿ ಗಟ್ಟಿಯಾಗಿ ನಿಂತದ್ದು ಮಾತ್ರ ಅಡ್ಡಿ. ಹೆದರಿಸಲು ಎರಡು ನಿಮಿಷ, ಅಡ್ಡಿ ಕೇಳಲು ಸೊನ್ನೆ ನಿಮಿಷ ಎಂಬ ಹಂಚಿಕೆ ಸರಿಯಲ್ಲ.

ಎರಡನೆಯ ಆಕ್ಷೇಪ ಇನ್ನೂ ಆಳದ್ದು: ನಂಬಿಕೆ ತಿದ್ದಿದರೆ ಸಾಕೇ? ಕೆನಡಾದ ಹ್ಯಾಮಿಲ್ಟನ್ ನಗರದ ಉಕ್ಕಿನ ಕಾರ್ಖಾನೆಯಲ್ಲಿ ಡೇವಿಡ್ ಸ್ಯಾಕೆಟ್ ಮತ್ತು ತಂಡ ಇದನ್ನು ಪರೀಕ್ಷಿಸಿ 1975ರಲ್ಲಿ ಫಲಿತಾಂಶ ಪ್ರಕಟಿಸಿತು. ಬಿಪಿ ಇದ್ದ ಕಾರ್ಮಿಕರಲ್ಲಿ ಕೆಲವರಿಗೆ ರೋಗದ ಬಗ್ಗೆ ಚೆನ್ನಾಗಿ ಪಾಠ ಮಾಡಿದರು, ಕೆಲವರಿಗೆ ಕೆಲಸದ ಜಾಗದಲ್ಲೇ ವೈದ್ಯರನ್ನು ಒದಗಿಸಿದರು. ಪಾಠ ಕೇಳಿದವರು ವಿಷಯ ಕಲಿತರು, ಗುಳಿಗೆ ಮಾತ್ರ ಹೆಚ್ಚು ನುಂಗಲಿಲ್ಲ. ವೈದ್ಯರು ಹತ್ತಿರ ಬಂದದ್ದರಿಂದಲೂ ವ್ಯತ್ಯಾಸವಾಗಲಿಲ್ಲ. ಮರುವರ್ಷ ಅದೇ ತಂಡದ ಬ್ರಯನ್ ಹೇನ್ಸ್ ಮೊದಲಾದವರು ಬಿಪಿ ಹತೋಟಿಗೆ ಬರದ ಕಾರ್ಮಿಕರ ಜೊತೆ ಬೇರೆಯದೇ ಕೆಲಸ ಮಾಡಿದರು. ಮನೆಯಲ್ಲಿ ಬಿಪಿ ಅಳೆದು ಬರೆದಿಡಲು ಕಲಿಸಿದರು, ಗುಳಿಗೆಯನ್ನು ಅವರವರ ದಿನಚರಿಯ ಒಂದು ಕೆಲಸಕ್ಕೆ ಜೋಡಿಸಿದರು, ಎರಡು ವಾರಕ್ಕೊಮ್ಮೆ ಕರೆದು ನೋಡಿದರು. ಆಗ ಗುಳಿಗೆ ತೆಗೆದುಕೊಳ್ಳುವುದು ಸ್ಪಷ್ಟವಾಗಿ ಹೆಚ್ಚಿತು.

ನಂಬಿಕೆಯ ಪಕ್ಷದವರು ಇದಕ್ಕೂ ಉತ್ತರ ಕೊಡಬಲ್ಲರು. ಮನೆಯಲ್ಲಿ ಕಂಡ ಅಂಕಿ ಅದೃಶ್ಯ ಲಾಭವನ್ನು ಕಣ್ಣಿಗೆ ತೋರಿಸಿತು, ದಿನಚರಿಯ ಜೋಡಣೆ ಸೂಚನೆಯಾಯಿತು, ಹಾಗಾಗಿ ಮಾದರಿಯೇ ಗೆದ್ದಿತು ಎನ್ನಬಹುದು. ಒಪ್ಪುವೆ, ಒಂದು ಮಿತಿಯವರೆಗೆ. ಹಲ್ಲುಜ್ಜುವಷ್ಟು ಸಲೀಸಾಗಿ ಗುಳಿಗೆ ನುಂಗುವವನು ಪ್ರತಿ ಬೆಳಗ್ಗೆ ಲಾಭ ನಷ್ಟ ತೂಗುತ್ತ ಕೂರುವುದಿಲ್ಲ. ರೂಢಿಗೆ ಈ ಮಾದರಿಯಲ್ಲಿ ಸರಿಯಾದ ಜಾಗವಿಲ್ಲ. ಮರೆತು ಬಿಟ್ಟವನನ್ನೂ ಬೇಕೆಂದೇ ಬಿಟ್ಟವನನ್ನೂ ಅದು ಒಂದೇ ಸಾಲಿನಲ್ಲಿ ಕೂರಿಸುತ್ತದೆ, ಇಬ್ಬರಿಗೂ ಬೇಕಾದ ಮದ್ದು ಬೇರೆ ಬೇರೆ.

ಮೂರನೆಯ ಆಕ್ಷೇಪಕ್ಕೆ ಹೈದರಾಬಾದೇ ಪಾಠಶಾಲೆ. ರಂಜಾನ್ ತಿಂಗಳಲ್ಲಿ ಹಳೇ ನಗರದ ಸಾವಿರಾರು ಶುಗರ್ ರೋಗಿಗಳು ಸಹರಿಯಿಂದ ಇಫ್ತಾರ್‌ವರೆಗೆ ನೀರೂ ಮುಟ್ಟುವುದಿಲ್ಲ. ಬೆಳಗಿನ ಗ್ಲಿಮೆಪಿರೈಡ್ ಬಿಟ್ಟವನನ್ನು ಮಾತು ಕೇಳದವನು ಎಂದು ಕಾರ್ಡಿನಲ್ಲಿ ಬರೆಯುವುದು ಸುಲಭ. ಆದರೆ ಆ ಗುಳಿಗೆ ಹೊಟ್ಟೆಯಲ್ಲಿ ಅನ್ನವಿಲ್ಲದಿದ್ದರೂ ಇನ್ಸುಲಿನ್ ಹೊರಡಿಸುತ್ತದೆ, ಸಕ್ಕರೆ ಕುಸಿದು ಬೆವರಿ ಬೀಳುವ ಅಪಾಯ ನಿಜವಾದದ್ದು. ಭಾರತವೂ ಸೇರಿ 13 ದೇಶಗಳಲ್ಲಿ ನಡೆದ ಎಪಿಡಯರ್ ಅಧ್ಯಯನದಲ್ಲಿ, ಎರಡನೆಯ ಬಗೆಯ ಶುಗರ್ ಇರುವವರಲ್ಲಿ ಸಕ್ಕರೆ ತೀವ್ರವಾಗಿ ಕುಸಿಯುವ ಪ್ರಸಂಗಗಳು ರಂಜಾನ್‌ನಲ್ಲಿ ಏಳೂವರೆ ಪಟ್ಟಾಗಿದ್ದವು. ಇಲ್ಲಿ ರೋಗಿಯ ನಂಬಿಕೆ ಸರಿಯಾಗಿದೆ, ಚೀಟಿ ತಪ್ಪಾಗಿದೆ. ಉಪವಾಸಕ್ಕೆ ಮುಂಚೆಯೇ ಕೇಳಿದ್ದರೆ ವೈದ್ಯರು ಆ ಗುಳಿಗೆಯನ್ನು ಇಫ್ತಾರ್‌ಗೆ ಸರಿಸಬಹುದಿತ್ತು, ಡೋಸ್ ಇಳಿಸಬಹುದಿತ್ತು, ಅಥವಾ ಸಕ್ಕರೆ ಕುಸಿಯದ ಬೇರೆ ಗುಳಿಗೆಗೆ ಬದಲಿಸಬಹುದಿತ್ತು. ಬೇಗಂ ಬಜಾರಿನ ನಮ್ಮ ಲೆಕ್ಕದವರೂ ಏಕಾದಶಿಯ ಉಪವಾಸದಂದು ಹೀಗೆಯೇ ಬೆಳಗಿನ ಗ್ಲಿಮೆಪಿರೈಡ್ ಬಿಡುತ್ತಾರೆ. ಅವರ ತಪ್ಪಿರುವುದು ಗ್ಲಿಮೆಪಿರೈಡ್ ಜೊತೆ ಅಂದು ಬಿಪಿ ಗುಳಿಗೆಯನ್ನೂ ಬಿಡುವುದರಲ್ಲಿ, ಅದಕ್ಕೂ ಊಟಕ್ಕೂ ಸಂಬಂಧವಿಲ್ಲ.

ಹಣ, ಸಮಯದ ಮಾತೂ ಇದೇ ಸಾಲಿಗೆ ಬರುತ್ತದೆ. ಗುಳಿಗೆ ಪುಕ್ಕಟೆಯಾದರೂ ಹಗಲು ಹೊತ್ತಿನ ದವಾಖಾನೆಗೆ ಹೋಗಲು ಅರ್ಧ ದಿನದ ಕೂಲಿ ಬಿಡಬೇಕು. ಅದನ್ನು ರೋಗಿ ಭಾವಿಸಿಕೊಂಡ ಅಡ್ಡಿ ಎನ್ನುವುದು ಅನ್ಯಾಯ, ಅದು ಗೋಡೆಯಷ್ಟೇ ನಿಜ.

ಹಾಗಾದರೆ ಮಾದರಿಯನ್ನು ಎಲ್ಲಿ ಇಡಬೇಕು? ಒಂದು ನಗರದಲ್ಲಿ ಯಾರು ಗುಳಿಗೆ ಬಿಡುತ್ತಾರೆ ಎಂದು ಮುಂಚೆಯೇ ಹೇಳುವ ಸಾಧನವಾಗಿ ಅದು ದುರ್ಬಲ. ಎದುರಿಗೆ ಕೂತ ಒಬ್ಬರನ್ನು ಕೇಳಬೇಕಾದ ಪ್ರಶ್ನೆಗಳ ಪಟ್ಟಿಯಾಗಿ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ, ಅಡ್ಡಿಯ ಪ್ರಶ್ನೆಯನ್ನು ಮೊದಲು ಕೇಳಿದರೆ. ಗುಳಿಗೆ ತಪ್ಪದೆ ತಗೋತೀರಾ ಎಂದರೆ ಎಲ್ಲರೂ ಹೌದೆನ್ನುತ್ತಾರೆ. ಕಳೆದ ವಾರ ಎಷ್ಟು ದಿನ ತಪ್ಪಿತು, ಯಾವುದು, ಅಂದು ಏನಾಗಿತ್ತು ಎಂದು ಬೈಯದೆ ಕೇಳಿದರೆ ಉತ್ತರ ಬೇರೆ ಬರುತ್ತದೆ.

ಲೆಕ್ಕದವರನ್ನು ಹೀಗೆ ಕೇಳಿದರೆ ಮೂರು ವಿಷಯ ಹೊರಬೀಳುತ್ತವೆ. ಮಧ್ಯಾಹ್ನ ಅಂಗಡಿಯಲ್ಲಿ ಹೊಟ್ಟೆ ಕೆಡುವ ಭಯಕ್ಕೆ ಬೆಳಗಿನ ಮೆಟ್‌ಫಾರ್ಮಿನ್ ಬಿಡುತ್ತಾರೆ, ಊಟದ ಜೊತೆಗೆ ಅಥವಾ ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆಗೆ ಬದಲಿಸಿದರೆ ಅದು ತಗ್ಗಬಹುದು. ಬಿಪಿ ಗುಳಿಗೆಯನ್ನು ತಲೆ ಭಾರವಾದಾಗ ಮಾತ್ರ ನುಂಗುತ್ತಾರೆ, ಎರಡು ವಾರ ದಿನವೂ ಅಳೆದು ಬರೆದರೆ ತಲೆ ಹಗುರಾಗಿದ್ದ ದಿನವೂ ಅಂಕಿ ಏರಿದ್ದು ಅವರ ಕಣ್ಣಿಗೇ ಬೀಳುತ್ತದೆ. ರಕ್ತ ಪರೀಕ್ಷೆಗೆ ನಾಲ್ಕು ದಿನ ಮುಂಚೆ ಎಲ್ಲವನ್ನೂ ಸರಿಯಾಗಿ ತೆಗೆದುಕೊಳ್ಳುತ್ತಾರೆ. ಇದು ಪತ್ತೆಯಾಗುವ ದಾರಿಯೊಂದಿದೆ: ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಚೆನ್ನಾಗಿದ್ದು, ಸುಮಾರು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಏರಿದ್ದರೆ ನಡುವಿನ ದಿನಗಳ ಬಗ್ಗೆ ಕೇಳಬೇಕು. ಆದರೆ ಊಟದ ನಂತರದ ಸಕ್ಕರೆ ಏರುವವರಲ್ಲೂ ಇದೇ ಚಿತ್ರ ಬರಬಹುದು, ಅಷ್ಟರಿಂದಲೇ ಯಾರನ್ನೂ ಸುಳ್ಳುಗಾರ ಎನ್ನಬಾರದು. ಈ ಬದಲಾವಣೆಗಳಾದ ಮೂರು ತಿಂಗಳ ಮೇಲೆ, ಖಾಲಿ ಪಟ್ಟಿಗಳ ಎಣಿಕೆ ಸರಿಯಿದ್ದೂ ಎಚ್‌ಬಿಎ1ಸಿ ಇಳಿಯದಿದ್ದರೆ, ಸಾಲದೆ ಹೋಗಿರುವುದು ಅವರ ಶ್ರದ್ಧೆಯಲ್ಲ, ಬಹುಶಃ ಡೋಸ್. ಆಗ ತಿದ್ದಬೇಕಾದ್ದು ವೈದ್ಯರ ಚೀಟಿ.