ಮುಖ ಕಾಣದಿದ್ದರೂ ಮಾತು ಕೇಳಬೇಕು

ದೊಡ್ಡ ಟಿ.ವಿ. ಬಂತು. ಟೇಪು ಕತ್ತರಿಸಿದ್ದೂ ಆಯ್ತು. ಹಾರ-ತುರಾಯಿ, ಫೋಟೋ, ಉಪ್ಪಿಟ್ಟು-ಕಾಫಿ ಎಲ್ಲವೂ ಮುಗೀತು. ರೋಗಿ ಮಾತ್ರ ಎಂದಿನಂತೆ ಬಸ್ಸು ಹತ್ತಿ ಪೇಟೆ ಆಸ್ಪತ್ರೆಗೇ ಹೋದ!

ನಮ್ಮ ಜಿಲ್ಲೆಯ ಘಟ್ಟದಂಚಿನ ಹಳ್ಳಿಯೊಂದರ ಚಿಕ್ಕ ದವಾಖಾನೆಯ ಕಥೆ ಇದು. ಹೆಸರು ಬೇಡ, ಇಂಥವು ಇನ್ನೂ ಹಲವಾರಿವೆ. ಅಲ್ಲಿರುವವರು ಒಬ್ಬರೇ ನರ್ಸಮ್ಮ. ಡಾಕ್ಟರು ಪೇಟೆಯಲ್ಲಿ. ಸಂಜೆ 4ರಿಂದ 6ರವರೆಗೆ ಕಂಪ್ಯೂಟರಿನಲ್ಲಿ ಪರಸ್ಪರ ಮುಖ ನೋಡಿಕೊಂಡು ರೋಗಿಗಳನ್ನು ವಿಚಾರಿಸಬೇಕೆಂಬುದು ಏರ್ಪಾಡು. ಮಳೆಗಾಲದ ಒಂದು ಸಂಜೆ ಹತ್ತು ತಿಂಗಳ ಕೂಸನ್ನು ಕೆಮ್ಮೆಂದು ತಾಯಿ ಎತ್ತಿಕೊಂಡು ಬಂದಳು. ನಿಮಿಷಕ್ಕೆ ಉಸಿರು ಎಷ್ಟು ಅಂತ ಡಾಕ್ಟರು ಕೇಳಿದರು. ನರ್ಸಮ್ಮ ಎಣಿಸಿ ಹೇಳಿದರು. ಆ ಕಡೆಯಿಂದ ಬಂದದ್ದು: ‘ಮೂವತ್ತಾರೋ, ಐವತ್ತಾರೋ? ಕೇಳ್ತಿಲ್ಲ ಸಿಸ್ಟರ್, ಮತ್ತೆ ಹೇಳಿ.’

ಇದು ಸಣ್ಣ ವ್ಯತ್ಯಾಸವಲ್ಲ. ಎರಡು ತಿಂಗಳು ತುಂಬಿ ವರ್ಷ ತುಂಬದ ಕೂಸಿಗೆ ನಿಮಿಷಕ್ಕೆ 50 ಅಥವಾ ಹೆಚ್ಚು ಉಸಿರಾದರೆ ಅದು ವೇಗದ ಉಸಿರು, ನ್ಯುಮೋನಿಯಾದ ಸುಳಿವು. 36 ಆದರೆ ಆ ಲೆಕ್ಕದಲ್ಲಿ ಗಾಬರಿಯಿಲ್ಲ. 56 ಆದರೆ ತಡಮಾಡುವಂತಿಲ್ಲ. ಮೂರು ಬಾರಿ ಕೂಗಿ ಹೇಳಿದರೂ ತಲುಪಲಿಲ್ಲ. ಟಿ.ವಿ.ಯಲ್ಲಿ ಡಾಕ್ಟರ ಮುಖ ಬಾಯಿ ತೆರೆದಂತೆಯೇ ನಿಂತಿತ್ತು. ಕೊನೆಗೆ ತಾಯಿ ಕಡೇ ಬಸ್ಸಿಗೆ ಓಡಿದಳು. ಪುಣ್ಯಕ್ಕೆ ಬಸ್ಸು ಸಿಕ್ಕಿತು, ಕೂಸು ಉಳಿಯಿತು.

ನೆಟ್‌ವರ್ಕೇ ಸರಿಯಿಲ್ಲ ಸ್ವಾಮಿ ಅಂತ ಎಲ್ಲರೂ ಕೈತೊಳೆದುಕೊಂಡರು. ಆದರೆ ಯಂತ್ರ ಕೂಡಿಸಿದವರು ಆ ಮೇಜಿನ ಮೇಲೆ ಅಳೆದು ನೋಡಿದ್ದರೇ? ನೋಡಿದ್ದರು, ಬೆಳಿಗ್ಗೆ ಹತ್ತಕ್ಕೆ, ಅದೂ ಒಳಬರುವ ವೇಗವನ್ನು ಮಾತ್ರ. ರೋಗಿಯ ಮುಖ, ದನಿ ಹೋಗಬೇಕಾದ್ದು ಹೊರಗೆ. ಆ ಹೊರಹೋಗುವ ವೇಗ ಸಂಜೆ ಐದಕ್ಕೆ ಸೆಕೆಂಡಿಗೆ 220 ಕಿಲೋಬಿಟ್ ಇತ್ತಷ್ಟೆ. ಕ್ಯಾಮರಾ ಕಳಿಸಲು ಹೊರಟಿದ್ದ ದೊಡ್ಡ ಚಿತ್ರಕ್ಕೆ ಸುಮಾರು 1500 ಬೇಕು. ಕಾಲುದಾರಿಯಲ್ಲಿ ಲಾರಿ ನುಗ್ಗಿಸಿದ ಹಾಗಾಯ್ತು! ತಂತ್ರಾಂಶ ತಾನೇ ಚಿತ್ರವನ್ನು ಕುಗ್ಗಿಸುತ್ತದೆ, ನಿಜ. ಆದರೆ ಅದು ಎಚ್ಚರವಾಗುವ ಹೊತ್ತಿಗೆ ದಾರಿಯಲ್ಲಿ ಸಾಲು ಬೆಳೆದಿರುತ್ತದೆ. ಮಾತೂ ಅದೇ ಸಾಲಿನಲ್ಲಿ ನಿಲ್ಲಬೇಕು. ಮಾತಿಗೆ ಬೇಕಾದ್ದು 50 ಕಿಲೋಬಿಟ್ಟಿನೊಳಗೆ. ಅದಕ್ಕೆ ಬೇಕಾದ ಜಾಗ ಇದ್ದರೂ ಚಿತ್ರದ ಕಾಟದಿಂದ ಮಾತು ಸತ್ತಿತು.

ಊರಿನದೇ ಹುಡುಗನೊಬ್ಬ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದವನು, ರಜೆಯಲ್ಲಿ ಬಂದು ಇದನ್ನು ಸರಿಮಾಡಿದ. ಅವನು ಮಾಡಿದ್ದೇನೆಂದು ಸಂಬಂಧಪಟ್ಟವರು ಕಿವಿಗೊಟ್ಟು ಕೇಳಲಿ.

ಮೊದಲು ನೋಡಿದ್ದು ರೂಟರನ್ನು. ಸಿಮ್ ಹಾಕಿದ ಆ ಪೆಟ್ಟಿಗೆ ತಗಡಿನ ಮಾಡಿನ ಕೆಳಗೆ ಕಬ್ಬಿಣದ ಬೀರುವಿನ ಮೇಲೆ ಕೂತಿತ್ತು. ತಗಡು, ಕಬ್ಬಿಣ ಎರಡೂ ಅಲೆಗೆ ಶತ್ರು. ಟವರಿರುವ ದಿಕ್ಕಿನ ಮರದ ಕಿಟಕಿಯ ಮೇಲ್ಭಾಗಕ್ಕೆ ಅದನ್ನು ಸರಿಸಿ, ಸಂಜೆಯ ಹೊತ್ತಿನಲ್ಲೇ ಮತ್ತೆ ಅಳೆದ. 220 ಇದ್ದದ್ದು 400ರ ಆಸುಪಾಸಿಗೆ ಬಂತು. ಖರ್ಚು ಒಂದು ಮೊಳೆ, ನಾಲ್ಕು ಗಜ ವೈರು.

ಆಮೇಲೆ ಸಾಲಿನ ಪರೀಕ್ಷೆ. ಕರೆ ನಡೆಯುತ್ತಿರುವಾಗಲೇ ಕಂಪ್ಯೂಟರಿನಲ್ಲಿ ಈ ಒಂದು ಸಾಲು ಟೈಪು ಮಾಡಿದ:

```
ping -t 8.8.8.8
```

ಒಂದು ಸುದ್ದಿ ಹೋಗಿ ಬರಲು ಎಷ್ಟು ಹೊತ್ತು ಹಿಡಿಯಿತೆಂದು ಇದು ಹೇಳುತ್ತದೆ. ದಾರಿ ಖಾಲಿಯಿದ್ದಾಗ 80 ಮಿಲಿಸೆಕೆಂಡು. ಹೊರಗೆ ಬೆಂಚಿನಲ್ಲಿ ಕೂತವರೊಬ್ಬರು ಮದುವೆ ವಿಡಿಯೋ ಕಳಿಸತೊಡಗಿದ್ದೇ ತಡ, 80 ಹೋಗಿ 2000! ಅಂದರೆ ಮಾತಾಡಿ ಉತ್ತರಕ್ಕೆ ಎರಡು ಸೆಕೆಂಡು ಕಾಯಬೇಕು. ದವಾಖಾನೆಯ ವೈಫೈ ಪಾಸ್‌ವರ್ಡು ಅರ್ಧ ಊರಿಗೆ ಗೊತ್ತಿತ್ತಂತೆ. ಅದನ್ನು ಬದಲಿಸಿ, ಆ ರೂಟರಿಗೆ ದವಾಖಾನೆಯ ಕಂಪ್ಯೂಟರನ್ನು ಮಾತ್ರ ಉಳಿಸಿದ. ಕಂಪ್ಯೂಟರು ತನ್ನಷ್ಟಕ್ಕೆ ತಾನು ಮಾಡುವ ಅಪ್‌ಡೇಟನ್ನು ರಾತ್ರಿಗೆ ತಳ್ಳಿದ. ಊರಿನವರಿಗೆ ಸ್ವಲ್ಪ ಬೇಜಾರಾಯ್ತು, ಆಗಲಿ.

ಮೂರನೆಯದು ಮುಖ್ಯವಾದದ್ದು. ಅಲ್ಲಿ ಬಳಸುವುದು ಜಿಟ್ಸಿ ಎಂಬ ಉಚಿತ ತಂತ್ರಾಂಶ. ಅದರ ಹೊಂದಾಣಿಕೆ ಕಡತದಲ್ಲಿ ಎರಡು ಸಾಲು ಬರೆದ:

```
startAudioOnly: true,
resolution: 180,
```

ಮೊದಲ ಸಾಲಿನಿಂದ ಕರೆ ಬರೀ ಮಾತಿನಲ್ಲಿ ಶುರುವಾಗುತ್ತದೆ. ಡಾಕ್ಟರು ನೋಡಬೇಕು ಎಂದರೆ ಮಾತ್ರ ಚಿತ್ರ. ಎರಡನೆಯದರಿಂದ ಆ ಚಿತ್ರ ಚಿಕ್ಕದಾಗಿ ಹೋಗುತ್ತದೆ, ಹೆಚ್ಚೆಂದರೆ 200 ಕಿಲೋಬಿಟ್. ಮಾತಿನ 50 ಸೇರಿದರೂ 250. 400ರ ದಾರಿಯಲ್ಲಿ ಇನ್ನೂ ಜಾಗ ಉಳಿಯಿತು. ಚಿತ್ರ ಮಬ್ಬಾದರೂ ಮಾತು ಕಡಿಯುವುದಿಲ್ಲ.

ಹಾಗಾದರೆ ಚರ್ಮದ ಗುಳ್ಳೆ, ಕೀವು ಕಟ್ಟಿದ ಗಾಯವನ್ನು ತೋರಿಸುವುದು ಹೇಗೆ? ಚಲಿಸುವ ಚಿತ್ರ ಬೇಡ, ಒಂದು ಫೋಟೋ ಸಾಕು. ಅದೂ ಇದ್ದ ಹಾಗೇ ಅಲ್ಲ. ಫೋನಿನ 4 ಎಂ.ಬಿ. ಫೋಟೋ ಈ ದಾರಿಯಲ್ಲಿ ಹೋಗಲು ಸುಮಾರು 80 ಸೆಕೆಂಡು ಬೇಕು, ಅಷ್ಟು ಹೊತ್ತೂ ಮಾತು ಮೂಕ. ಅದನ್ನೇ 150 ಕೆ.ಬಿ.ಗೆ ಇಳಿಸಿದರೆ ಮೂರು ಸೆಕೆಂಡು. ಕಿಟಕಿ ಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ರೋಗಿಯ ಒಪ್ಪಿಗೆ ಕೇಳಿ ತೆಗೆದ ಅಂಥ ಫೋಟೋ ಅಲುಗಾಡುವ ವಿಡಿಯೋಗಿಂತ ವಾಸಿ.

ಇದಕ್ಕೂ ಮಿತಿಯಿದೆ, ಮುಚ್ಚಿಡಬಾರದು. 2020ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಟೆಲಿಮೆಡಿಸಿನ್ ನಿಯಮಗಳು ಬರೀ ಮಾತಿನ ವಿಚಾರಣೆಗೂ ಅವಕಾಶ ಕೊಟ್ಟಿವೆ. ಆದರೆ ಕೆಲವು ಔಷಧಗಳನ್ನು ಮೊದಲ ಭೇಟಿಯಲ್ಲೇ ಬರೆಯಬೇಕಾದರೆ ವಿಡಿಯೋ ಆಗಲೇಬೇಕು. ಆದ್ದರಿಂದ ಚಿತ್ರವನ್ನು ಪೂರಾ ಕಿತ್ತುಹಾಕುವಂತಿಲ್ಲ. ಬೇಕೆಂದಾಗ ಬರುವಂತೆ ಇಟ್ಟಿರಬೇಕು. ಇನ್ನೊಂದು, ಚಿಕ್ಕ ಮಬ್ಬು ಚಿತ್ರ ನೋಡಿ ಡಾಕ್ಟರು ಉಸಿರು ಎಣಿಸಲು ಹೋಗಬಾರದು. ನಿಂತು ನಿಂತು ಬರುವ ಚಿತ್ರದಲ್ಲಿ ಎಣಿಕೆ ತಪ್ಪುತ್ತದೆ. ಕೂಸಿನ ಪಕ್ಕದಲ್ಲಿರುವ ನರ್ಸಮ್ಮನೇ ಗಡಿಯಾರ ಹಿಡಿದು ಪೂರಾ ಒಂದು ನಿಮಿಷ ಎಣಿಸಬೇಕು, ‘ಐದು, ಆರು, ಐವತ್ತಾರು’ ಎಂದು ಬಿಡಿಸಿ ಹೇಳಬೇಕು, ಡಾಕ್ಟರು ಅದನ್ನೇ ತಿರುಗಿ ಹೇಳಬೇಕು. ಕರೆಂಟು ಹೋದರೆ, ಟವರೇ ಮಲಗಿದರೆ ಇದ್ಯಾವುದೂ ನಡೆಯದು. ಅಂಥ ಹೊತ್ತಿಗೆ ಡಾಕ್ಟರ ಮಾಮೂಲಿ ಫೋನ್ ನಂಬರು, ಆಂಬುಲೆನ್ಸಿನ 108 ಎರಡೂ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಇರಬೇಕು.

ಈಗ ಆ ದವಾಖಾನೆಯಲ್ಲಿ ದೊಡ್ಡ ಟಿ.ವಿ. ಮೇಲೆ ಬಟ್ಟೆ ಹೊದಿಸಿದೆ. ಕೆಲಸ ನಡೆಯುತ್ತಿರುವುದು ಹಳೇ ಕಂಪ್ಯೂಟರು ಮತ್ತು ಕಿವಿಗೆ ಹಾಕುವ ಒಂದು ಮೈಕಿನಿಂದ. ಮುಂದಿನ ಕಂತಿನಲ್ಲಿ ಇನ್ನಷ್ಟು ಟಿ.ವಿ.ಗಳು ಬರಲಿವೆಯೆಂದು ಕೇಳಿದ್ದೇವೆ. ಬರಲಿ, ಬೇಡವೆನ್ನುವುದಿಲ್ಲ. ಆದರೆ ಬಿಲ್ಲಿಗೆ ಸಹಿ ಹಾಕುವ ಮುಂಚೆ ಒಬ್ಬರು ಸಂಜೆ ಐದು ಗಂಟೆಗೆ ಆ ಹಳ್ಳಿಗೆ ಹೋಗಿ, ನರ್ಸಮ್ಮನ ಮೇಜಿನ ಮೇಲೇ ಹೊರಹೋಗುವ ವೇಗ ಅಳೆದು, ಅಂಕಿಯನ್ನು ಕಡತದಲ್ಲಿ ಬರೆಯಲಿ. ಅಂಕಿ ಇಲ್ಲದ ಕಡತಕ್ಕೆ ಹಣ ಬಿಡುಗಡೆ ಬೇಡ.

ಟೇಪು ಕತ್ತರಿಸುವ ದಿನ ಚಿತ್ರ ಚೆನ್ನಾಗಿ ಬಂದರೆ ಸಾಲದು ಸ್ವಾಮಿ. ಕೂಸಿಗೆ ಉಸಿರು ಕಟ್ಟಿದ ದಿನ ‘ಐವತ್ತಾರು’ ಎಂಬ ಒಂದು ಮಾತು ಘಟ್ಟ ದಾಟಬೇಕು. ಸಂಬಂಧಪಟ್ಟವರು ಗಮನಿಸುವರೇ?